ಉಳಿತಾಯ ಖಾತೆಯಲ್ಲಿ ₹14,500 ‘ಲೀನ್’ ಅಂತ ಬಂದೈತಿ, ರೊಕ್ಕ ಹೋತೋ ಐತೋ?

ರಾಣೆಬೆನ್ನೂರ ಮೊಬೈಲ್ (30ನೇ ತಾರೀಖು, ಬೆಳಿಗ್ಗೆ)

ನಮಸ್ಕಾರ್ರೀ ಎಲ್ಲಾರಿಗೂ. ನಂದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ ಐತಿ. ನಿನ್ನೆ ರಾತ್ರಿ ಸಾಮಾನು ತರಿಸಿದ್ದಕ್ಕ 6,000 ಕಳಿಸಾಕ ಹೋದೆ, ಬ್ಯಾಲೆನ್ಸ್ ಸಾಲಂಗಿಲ್ಲ ಅಂತು. ಪಾಸ್‌ಬುಕ್ ಲೆಕ್ಕದಾಗ 18,940 ಐತಿ. ಬ್ಯಾಂಕಿನ ಆಪ್ ತೆಗೆದು ನೋಡಿದ್ರ ಹಿಂಗ ತೋರಸ್ತು:

```
Total Balance      18,940.00
Lien Amount        14,500.00
Available Balance   4,440.00
```

ಸ್ಟೇಟ್‌ಮೆಂಟ್‌ನ್ಯಾಗ 14,500 ಕಟ್ ಆಗಿದ್ದು ಎಲ್ಲೂ ಇಲ್ಲ. ಮೆಸೇಜೂ ಬಂದಿಲ್ಲ. ಈ ಬ್ಯಾಂಕಿನ್ಯಾಗ ನಂದು ಯಾವ ಸಾಲನೂ ಇಲ್ಲ. 5ನೇ ತಾರೀಖಿಗೆ ಬೈಕ್ ಸಾಲದ ಕಂತು 5,150 ಇದೇ ಖಾತೆಯಿಂದ ತಾನೇ ಹೋಗ್ತದ. ಇವತ್ತು ಭಾನುವಾರ, ಬ್ಯಾಂಕ್ ಬಂದ್. ಏನಿದು, ಯಾರಿಗಾದ್ರೂ ಗೊತ್ತೈತೇನ್ರಿ?

ಷೇರುಪೇಟೆ ಹುಡುಗ

ಗುರು, ಟೆನ್ಷನ್ ತಗೋಬೇಡ. 14 ಸಾವಿರ ಚಿಲ್ಲರೆ ಅಂದ್ರೆ ಐಪಿಓನೇ. ಒಂದು ಲಾಟ್‌ಗೆ ಅರ್ಜಿ ಹಾಕಿದ್ರೆ ಅಷ್ಟೇ ಬ್ಲಾಕ್ ಆಗೋದು, ಷೇರು ಸಿಗದಿದ್ರೆ ಒಂದೆರಡು ದಿನಕ್ಕೆ ತಾನೇ ಬಿಡುಗಡೆ ಆಗುತ್ತೆ. ನನ್ನ ಖಾತೆಯಲ್ಲಿ ತಿಂಗಳಿಗೆ ನಾಲ್ಕು ಸಲ ಲೀನ್ ಬರುತ್ತೆ, ನಾನು ಅದನ್ನ ನೋಡೋದೇ ಬಿಟ್ಟಿದ್ದೀನಿ.

ರಾಣೆಬೆನ್ನೂರ ಮೊಬೈಲ್

ಡಿಮ್ಯಾಟ್ ಖಾತೆನೇ ಇಲ್ರೀ ನಂದು.

ಷೇರುಪೇಟೆ ಹುಡುಗ

ಹಾಗಾದ್ರೆ ಗೊತ್ತಿಲ್ಲ ಗುರು 😅

ನೇರಮಾತು

ಇದು ಬ್ಯಾಂಕಿನವರ ಹಗಲು ದರೋಡೆ. ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡಿನ ಶುಲ್ಕ ಬಾಕಿ ಅಂತ ಏನೋ ಹೇಳಿ ಲೀನ್ ಹಾಕ್ತಾರೆ. ಕೋರ್ಟ್ ಆದೇಶ ಇಲ್ಲದೆ ನಿಮ್ಮ ದುಡ್ಡು ಮುಟ್ಟೋ ಅಧಿಕಾರ ಯಾರಿಗೂ ಇಲ್ಲ. ನಾಳೆ ಹೋಗಿ ಮ್ಯಾನೇಜರ್ ಮೇಜು ಗುದ್ದಿ ಕೇಳಿ, ಅರ್ಧ ಗಂಟೆಯಲ್ಲಿ ತೆಗೀತಾರೆ.

ಕೌಂಟರ್ ನಂ. 4

ಮೇಜು ಗುದ್ದುವ ಮೊದಲು ಸ್ವಲ್ಪ ತಾಳಿ. ಮೂವತ್ತೊಂದು ವರ್ಷ ಮೇಜಿನ ಆ ಕಡೆ ಕುಳಿತವನು ನಾನು, ಗುದ್ದಿದ ಸದ್ದಿಗೆ ಎದ್ದುಹೋದ ಲೀನ್ ಒಂದನ್ನೂ ನೋಡಿಲ್ಲ.

ಮೊದಲು ನಿಮ್ಮ ಭಯದ ವಿಷಯ. ಹೆಸರು ಲೀನ್ ಆದರೂ ನಿಮ್ಮ ದುಡ್ಡು ಎಲ್ಲೂ ಲೀನವಾಗಿಲ್ಲ. 18,940 ಪೂರ್ತಿ ನಿಮ್ಮ ಖಾತೆಯಲ್ಲೇ ಇದೆ, ಉಳಿತಾಯದ ಬಡ್ಡಿಯೂ ಪೂರ್ತಿಗೆ ಬರುತ್ತದೆ. ಅದರಲ್ಲಿ 14,500ರ ಸುತ್ತ ಯಾರೋ ಬೇಲಿ ಹಾಕಿದ್ದಾರೆ, ನೀವು ತೆಗೆಯುವ ಹಾಗಿಲ್ಲ, ಅಷ್ಟೇ. ಖರ್ಚು ಬಿದ್ದಿಲ್ಲವಾದ್ದರಿಂದ ಸ್ಟೇಟ್‌ಮೆಂಟಿನಲ್ಲಿ ಕಾಣುವುದಿಲ್ಲ.

ಬೇಲಿ ಹಾಕಿದವರು ಯಾರು ಎಂಬುದೇ ಇಲ್ಲಿ ಮುಖ್ಯ. ಹೊರಗಿನಿಂದ ಊಹಿಸಲು ನನಗೆ ಮೊತ್ತವೇ ದಾರಿ. ಬ್ಯಾಂಕಿನ ಶುಲ್ಕದ ಬಾಕಿಯಾದರೆ ಮೊತ್ತದಲ್ಲಿ 18% ಜಿಎಸ್‌ಟಿಯ ವಾಸನೆ ಇರುತ್ತದೆ. 17.70 ಕಂಡರೆ 15 ರೂಪಾಯಿಯ ಶುಲ್ಕ, 177 ಕಂಡರೆ 150ರದ್ದು, 590 ಕಂಡರೆ 500ರದ್ದು. ಖಾತೆಗೆ ದುಡ್ಡು ಬಿದ್ದ ಕೂಡಲೇ ಅದನ್ನು ಹಿಡಿದುಕೊಂಡು ಲೀನ್ ತಾನೇ ಹೋಗುತ್ತದೆ. ಅದೇ ಬ್ಯಾಂಕಿನ ಸಾಲದ ಕಂತು ತಪ್ಪಿದ್ದರೆ ಮೊತ್ತ ಕಂತಿಗೆ ಹೊಂದುತ್ತದೆ. ನಿಮ್ಮದು ಎರಡೂ ಅಲ್ಲ, ದುಂಡಗಿನ 14,500. ಹಾಗಾಗಿ ಒಂದು ಪ್ರಶ್ನೆ: ಹೋದ ಒಂದೆರಡು ತಿಂಗಳಲ್ಲಿ ಗುರುತಿಲ್ಲದವರು ಯಾರಾದರೂ ನಿಮಗೆ ಸರಿಯಾಗಿ 14,500 ರೂಪಾಯಿ ಯುಪಿಐ ಮಾಡಿದ್ದರೇ?

ರಾಣೆಬೆನ್ನೂರ ಮೊಬೈಲ್

ಯಪ್ಪಾ. ಹೌದ್ರೀ ಸರ. 17ನೇ ತಾರೀಖು ಒಬ್ಬ ಹುಡುಗ ಬಂದು ಹಳೇ 5ಜಿ ಫೋನ್ ಒಂದನ್ನ ಚೌಕಾಸಿನೂ ಮಾಡದ 14,500ಕ್ಕ ತಗೊಂಡ. ಕ್ಯೂಆರ್ ಸ್ಕ್ಯಾನ್ ಮಾಡಿ ಕೊಟ್ಟ. ಹೇಳಿದ ಹೆಸರು ಒಂದು, ರೊಕ್ಕ ಬಂದ ಹೆಸರು ಇನ್ನೊಂದು. ‘ನಮ್ಮ ಮಾಮಾಂದು’ ಅಂದ, ನಾನೂ ಸುಮ್ಮನಾದೆ.

ಕೌಂಟರ್ ನಂ. 4

ಹಾಗಾದರೆ ಬಹುಪಾಲು ಅದೇ. ನಡೆದಿರಬಹುದಾದದ್ದನ್ನು ಹೇಳುತ್ತೇನೆ. ಎಲ್ಲೋ ಒಬ್ಬರು ಮೋಸ ಹೋಗಿ ದುಡ್ಡು ಕಳೆದುಕೊಂಡು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದಾರೆ, ಇಲ್ಲವೇ cybercrime.gov.in ಪೋರ್ಟಲ್‌ನಲ್ಲಿ ದೂರು ಕೊಟ್ಟಿದ್ದಾರೆ. ದುಡ್ಡು ಮೊದಲು ಹೋದ ಖಾತೆ, ಅಲ್ಲಿಂದ ಹಂಚಿಹೋದ ಖಾತೆಗಳು, ಅಲ್ಲಿಂದ ಮುಂದಿನವು ಎಂದು ಪೋರ್ಟಲ್‌ನಲ್ಲಿ ಒಂದೊಂದೇ ಪದರ ಬಿಚ್ಚುತ್ತಾರೆ. ಪ್ರತಿ ಪದರದಲ್ಲೂ ಆ ಬ್ಯಾಂಕಿಗೆ ‘ಇಷ್ಟು ಮೊತ್ತ ತಡೆಹಿಡಿ’ ಎಂಬ ಸೂಚನೆ ಹೋಗುತ್ತದೆ. ನಿಮ್ಮ ಅಂಗಡಿ ಆ ಸರಪಳಿಯ ಕೊನೆಯ ಕೊಂಡಿ. ಕಳ್ಳ ಆ ದುಡ್ಡನ್ನು ಫೋನ್ ಆಗಿ ಬದಲಿಸಿಕೊಂಡು ಹೋಗಿದ್ದಾನೆ, ಪೋರ್ಟಲ್‌ಗೆ ಫೋನ್ ಕಾಣುವುದಿಲ್ಲ, ನಿಮ್ಮ ಖಾತೆ ಸಂಖ್ಯೆ ಮಾತ್ರ ಕಾಣುತ್ತದೆ.

ನಾಳೆ ಶಾಖೆಯಲ್ಲಿ ‘ಲೀನ್ ತೆಗೆಯಿರಿ’ ಎಂದು ಕೇಳಬೇಡಿ, ಪೊಲೀಸ್ ಸೂಚನೆಯ ಲೀನನ್ನು ಅವರಾಗಿಯೇ ತೆಗೆಯುವಂತಿಲ್ಲ. ದೂರಿನ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ಆ ಠಾಣೆಯ ಇಮೇಲ್, ವಿವಾದದ ವ್ಯವಹಾರದ ದಿನಾಂಕ ಮತ್ತು ಆ ವ್ಯವಹಾರವನ್ನು ಗುರುತಿಸುವ ಯುಟಿಆರ್ ಸಂಖ್ಯೆ, ಇಷ್ಟನ್ನು ಅರ್ಜಿ ಬರೆದು ಕೇಳಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಕೇಳಿದರೆ ‘ಹೆಡ್ ಆಫೀಸಿನಿಂದ ಬಂದಿದೆ’ ಎಂಬ ಉತ್ತರ ಬಂದೀತು.

ತಿಪಟೂರಿನ ಮಗಳು

ನಮ್ಮಮ್ಮನ ಪಾಸ್‌ಬುಕ್ಕಲ್ಲೂ ಹಿಂಗೇ ಆಗಿದೆ. ನಾನು ಅದನ್ನ ‘ಲೈನ್’ ಅಂತ ಓದ್ಕೊಂಡು ನೆಟ್‌ವರ್ಕ್ ತೊಂದ್ರೆ ಇರ್ಬೇಕು ಅಂತ ಸುಮ್ನಿದ್ದೆ. ಗೃಹಲಕ್ಷ್ಮಿ ದುಡ್ಡು ಬರೋ ಖಾತೆ ಅದು, ಎರಡು ಸಾವಿರ ಬೀಳುತ್ತೆ, ತೆಗೆಯೋಕೆ ಹೋದ್ರೆ ಬರಲ್ಲ. ನಮ್ಮಮ್ಮಂಗೂ ಯಾರೋ ಕಳ್ಳರು ದುಡ್ಡು ಹಾಕಿರ್ತಾರಾ? ಅವ್ರಿಗೆ ಯುಪಿಐ ಅಂದ್ರೇನೇ ಗೊತ್ತಿಲ್ಲ.

ಕೌಂಟರ್ ನಂ. 4

ಇಲ್ಲಮ್ಮ, ಅದು ಬೇರೆ ಕಥೆ ಇರಬೇಕು. ಅದೇ ಬ್ಯಾಂಕಿನಲ್ಲಿ ತಾಯಿಯವರ ಹೆಸರಲ್ಲಿ ಬೆಳೆ ಸಾಲವೋ ಚಿನ್ನದ ಸಾಲವೋ ಇದೆಯೇ? ಯಾರಿಗಾದರೂ ಜಾಮೀನು ಹಾಕಿದ್ದಾರೆಯೇ?

ತಿಪಟೂರಿನ ಮಗಳು

ಅಪ್ಪ ಇದ್ದಾಗ ತೆಂಗಿನ ತೋಟಕ್ಕೆ ಅಂತ ಇಬ್ಬರ ಹೆಸರಲ್ಲೂ ಸಾಲ ತಗೊಂಡಿದ್ರು. ಅದು ಕಟ್ಟಿಲ್ಲ.

ಕೌಂಟರ್ ನಂ. 4

ಅದೇ. ಅಲ್ಲಿ ಪೊಲೀಸರಿಲ್ಲ, ಬೇಲಿ ಹಾಕಿದ್ದು ಬ್ಯಾಂಕೇ. 1872ರ ಕರಾರು ಕಾಯ್ದೆಯ 171ನೇ ಕಲಮಿನಲ್ಲಿ ಬ್ಯಾಂಕುಗಳಿಗೆ ಇಂಥದೊಂದು ಹಕ್ಕಿದೆ, ಸಾಲದ ಕಾಗದಗಳಲ್ಲೂ ನಾವೆಲ್ಲ ಓದದೆ ಅದಕ್ಕೆ ಸಹಿ ಹಾಕಿರುತ್ತೇವೆ. ಆದರೆ ಸರ್ಕಾರದ ನೆರವಿನ ಹಣದ ಮೇಲೆ ಅದನ್ನು ಹೇರುವುದು ಸರಿಯೇ ಎಂಬ ಜಗಳ ಹಳೆಯದು. ಬರ ಪರಿಹಾರವನ್ನು ಸಾಲಕ್ಕೆ ಹೊಂದಿಸಬೇಡಿ ಎಂದು 2024ರಲ್ಲಿ ನಮ್ಮ ರಾಜ್ಯ ಸರ್ಕಾರವೇ ಬ್ಯಾಂಕುಗಳಿಗೆ ಹೇಳಬೇಕಾಗಿ ಬಂತು. ‘ಈ ಖಾತೆಗೆ ಬರುವುದು ಗೃಹಲಕ್ಷ್ಮಿ ಹಣ, ಲೀನ್ ತೆಗೆಯಿರಿ’ ಎಂದು ಮ್ಯಾನೇಜರ್‌ಗೆ ಬರೆದುಕೊಡಿ, ಹಣ ಬಿದ್ದ ನಮೂದುಗಳ ಜೆರಾಕ್ಸ್ ಲಗತ್ತಿಸಿ. ಇಲ್ಲಿ ತೆಗೆಯುವ ಅಧಿಕಾರ ಬ್ಯಾಂಕಿನ ಕೈಯಲ್ಲೇ ಇದೆ. ಆಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಕಚೇರಿಗೆ ಒಂದು ಪ್ರತಿ. ಬ್ಯಾಂಕು 30 ದಿನ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಬಹುದು, ಖರ್ಚಿಲ್ಲ. ಆದರೆ ಸಾಲ ಸಾಲವೇ. ಬಡ್ಡಿ ಬೆಳೆಯುತ್ತಿರುತ್ತದೆ, ಅದರ ಮಾತೂ ಒಮ್ಮೆ ಆಡಿ ಬನ್ನಿ.

ನೇರಮಾತು

ನಾನು ಹೇಳಿದ್ದು ಅದನ್ನೇ ತಾನೇ, ಬ್ಯಾಂಕಿನವರೇ ಹಾಕೋದು ಅಂತ!

ಕೌಂಟರ್ ನಂ. 4

ತಿಪಟೂರಿನ ಮಟ್ಟಿಗೆ ಸರಿ ಹೇಳಿದ್ದೀರಿ. ರಾಣೆಬೆನ್ನೂರಿನವರಿಗೆ ಹೇಳಿದ್ದು ತಪ್ಪು.

ರಾಣೆಬೆನ್ನೂರ ಮೊಬೈಲ್ (1ನೇ ತಾರೀಖು)

ನಿನ್ನೆ ಬ್ಯಾಂಕಿಗೆ ಹೋಗಿದ್ದೆ. ಸರ ಹೇಳಿದ್ದು ಅಕ್ಷರಶಃ ಖರೆ. ಸೈಬರ್ ದೂರು, ಬೇರೆ ರಾಜ್ಯದ್ದು. ದೂರಿನ ಉದ್ದನ ನಂಬರು, ಠಾಣೆ ಇಮೇಲ್, ಯುಟಿಆರ್ ಬರೆದುಕೊಟ್ರು. ಯುಟಿಆರ್ 17ನೇ ತಾರೀಖಿನ ವ್ಯವಹಾರಕ್ಕ ಹೊಂದ್ತದ. ಎರಡು ಅನುಮಾನ. 5ನೇ ತಾರೀಖಿನ ಕಂತಿಗೆ 710 ಕಡಿಮಿ ಬೀಳ್ತದ, ಈಗ ರೊಕ್ಕ ಹಾಕಿದ್ರ ಅದನ್ನೂ ನುಂಗ್ತದೇನು? ಇನ್ನೊಂದು, ಉಳಿದ 4,440 ಈಗ್ಲೇ ತೆಗೆದಿಟ್ಟುಕೊಳ್ಳಲೇನು?

ಕೌಂಟರ್ ನಂ. 4

ನುಂಗುವುದಿಲ್ಲ. ನಿಮ್ಮದು ಮೊತ್ತ ಗೊತ್ತುಮಾಡಿದ ಲೀನ್. 14,500ರ ಮೇಲೆ ಏನು ಬಿದ್ದರೂ ನಿಮ್ಮ ಕೈಗೆ ಸಿಗುತ್ತದೆ. ಇಡೀ ಖಾತೆಗೆ ಡೆಬಿಟ್ ಫ್ರೀಜ್ ಆಗಿದ್ದರೆ ಮಾತ್ರ ಬಂದದ್ದೆಲ್ಲ ಒಳಗೇ ಉಳಿಯುತ್ತದೆ. ಯಾವುದೆಂದು ತಿಳಿಯಲು ಮನೆಯವರ ನಂಬರಿಗೆ ಒಂದು ರೂಪಾಯಿ ಕಳಿಸಿ ನೋಡಿ. ಹೋದರೆ ಲೀನ್ ಮಾತ್ರ, Available Balance ಇದ್ದೂ ಹೋಗದಿದ್ದರೆ ಫ್ರೀಜ್.

ಕಂತಿಗೆ 710 ಎಂದು ಲೆಕ್ಕ ಕಟ್ಟಿ ಅಷ್ಟೇ ಹಾಕಬೇಡಿ. ನಡುವೆ ಯಾವುದೋ ಶುಲ್ಕ ಕಡಿದರೆ ಐದು ರೂಪಾಯಿ ಕಡಿಮೆ ಬಿದ್ದರೂ ಕಂತು ವಾಪಸ್ಸೇ. ಆಗ ಬ್ಯಾಂಕು ಒಂದು ದಂಡ, ಸಾಲ ಕೊಟ್ಟವರು ಇನ್ನೊಂದು ದಂಡ, ಮೇಲೆ ಸಿಬಿಲ್‌ನಲ್ಲಿ ಕಲೆ. 3ನೇ ತಾರೀಖಿನೊಳಗೆ ಒಂದೂವರೆ ಸಾವಿರ ಹಾಕಿ. ‘ನನ್ನ ಖಾತೆಯಲ್ಲಿ 18 ಸಾವಿರ ಇದೆಯಲ್ಲ’ ಎಂದು ಸುಮ್ಮನಿದ್ದು ಪೆಟ್ಟು ತಿಂದವರು ಬಹಳ ಜನ. ಕಂತಾಗಲಿ ಚೆಕ್ಕಾಗಲಿ, ಯಂತ್ರ ನೋಡುವುದು ನಿಮ್ಮ ಆಪಿನ ಮೂರನೆಯ ಸಾಲಿನ Available Balance ಅನ್ನು, ಮೊದಲನೆಯದನ್ನಲ್ಲ.

ಉಳಿದದ್ದನ್ನು ತೆಗೆಯಬಾರದೆಂದೇನೂ ಇಲ್ಲ. ಆದರೆ ಕಂತಿಗೆ ಬಿಟ್ಟು ತೆಗೆಯಿರಿ, ಖಾತೆ ಮುಚ್ಚಲು ಹೋಗಬೇಡಿ. ಅಂಗಡಿಯ ವ್ಯಾಪಾರದ ಕ್ಯೂಆರ್ ಇದೇ ಖಾತೆಯದ್ದಾದರೆ ಕೆಲವು ದಿನ ಬೇರೆ ಖಾತೆಗೆ ಬದಲಿಸಿ. ಅದೇ ಜಾಲದ ಇನ್ನೊಂದು ದೂರು ಬಂದು ಲೀನ್ ಬೆಳೆದದ್ದನ್ನು ಕಂಡಿದ್ದೇನೆ.

ಕರಿಕೋಟು

ವಕೀಲ ನಾನು, ಸಂಕ್ಷಿಪ್ತವಾಗಿ ಹೇಳ್ತೀನಿ. ‘ಕೋರ್ಟ್ ಆದೇಶ ಇಲ್ಲದೆ ಮುಟ್ಟೋ ಹಾಗಿಲ್ಲ’ ಅನ್ನೋದು ಅರ್ಧ ಸತ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಮು, ಹಳೇ ಸಿಆರ್‌ಪಿಸಿಯ 102, ಅಪರಾಧಕ್ಕೆ ಸಂಬಂಧಪಟ್ಟಿದೆ ಅನ್ನೋ ಸಂಶಯ ಇರೋ ಸ್ವತ್ತನ್ನ ವಶಕ್ಕೆ ತಗೊಳ್ಳೋ ಅಧಿಕಾರ ಪೊಲೀಸರಿಗೆ ಕೊಡುತ್ತೆ. ಬ್ಯಾಂಕ್ ಖಾತೆಯೂ ಸ್ವತ್ತೇ. ಆದರೆ ವಶಕ್ಕೆ ತಗೊಂಡಿದ್ದನ್ನ ಕೂಡಲೇ ಮ್ಯಾಜಿಸ್ಟ್ರೇಟ್‌ಗೆ ವರದಿ ಮಾಡಬೇಕು. ಅಪರಾಧದಿಂದ ಬಂದ ಹಣ ಅಂತಾದ್ರೆ 107ನೇ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟ್ ಮೂಲಕವೇ ಜಪ್ತಿ ಆಗಬೇಕು ಅನ್ನೋ ವಾದವೂ ಇದೆ, ಹೈಕೋರ್ಟುಗಳು ಇದರ ಬಗ್ಗೆ ಒಂದೇ ಮಾತು ಹೇಳಿಲ್ಲ. ಕೇರಳ ಹೈಕೋರ್ಟ್ 2023ರಲ್ಲಿ, ಸಂಶಯದ ಮೊತ್ತಕ್ಕಷ್ಟೇ ತಡೆ ಇರಲಿ, ಇಡೀ ಖಾತೆ ಕಟ್ಟಬೇಡಿ ಅಂದಿತ್ತು. ನಿಮಗೆ ಮೊದಲೇ ಮೊತ್ತಕ್ಕಷ್ಟೇ ತಡೆ ಇರೋದ್ರಿಂದ ಅದು ಉಪಯೋಗಕ್ಕೆ ಬರಲ್ಲ.

ಎರಡು ದಾರಿ. ಒಂದು, ತನಿಖಾಧಿಕಾರಿಗೆ ದಾಖಲೆ ಕೊಟ್ಟು, ಲೀನ್ ತೆಗೆಯಲು ಅಡ್ಡಿಯಿಲ್ಲ ಅಂತ ಅವರಿಂದ ಬ್ಯಾಂಕಿಗೆ ಬರೆಸೋದು. ಎರಡು, 503ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ, ಅದೂ ಆ ಠಾಣೆಯ ವ್ಯಾಪ್ತಿಯ ಕೋರ್ಟಲ್ಲಿ. ನಿಜ ಹೇಳ್ಬೇಕಂದ್ರೆ 14,500ಕ್ಕೆ ಹೊರರಾಜ್ಯದಲ್ಲಿ ವಕೀಲರನ್ನ ಇಟ್ರೆ ಅವರ ಫೀಸಿಗೇ ಅದು ಮುಗಿಯುತ್ತೆ. ಮೊದಲು ಮೊದಲನೇ ದಾರಿ ನೋಡಿ.

ರಾಣೆಬೆನ್ನೂರ ಮೊಬೈಲ್

ದಾಖಲೆ ಅಂದ್ರ ಏನ್ ಕೊಡ್ಲಿ ವಕೀಲ್ರೇ? ಬಿಲ್ ಬುಕ್ ಐತಿ, ಅದರಾಗ ಐಎಂಇಐ ನಂಬರ್ ಬರೆದೀನಿ. ಸಿಸಿಟಿವಿ ಐತಿ, ಆದ್ರ ಹದಿನೈದು ದಿನಕ್ಕ ಅಳಿಸಿ ಹೋಗ್ತದ.

ಕರಿಕೋಟು

17ರಿಂದ ಎಣಿಸಿ. ಇವತ್ತೇ, ಈಗಲೇ ಆ ದಿನದ ದೃಶ್ಯ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಉಳಿದದ್ದು ಆಮೇಲೆ.

ರಾಣೆಬೆನ್ನೂರ ಮೊಬೈಲ್

ಸಿಕ್ತು! ಮುಖ ಚೊಲೋ ಕಾಣ್ತದ.

ಕರಿಕೋಟು

ಒಳ್ಳೇದು. ಐಎಂಇಐ ಬರೆದಿಟ್ಟಿದ್ದು ಅದಕ್ಕಿಂತ ಒಳ್ಳೇದು. ಪೊಲೀಸರಿಗೆ ಈಗ ಬೇಕಿರೋದು ಆ ಹುಡುಗ, ನೀವಲ್ಲ. ಫೋನ್‌ನಲ್ಲಿ ಸಿಮ್ ಹಾಕಿದ್ರೆ ಐಎಂಇಐ ಇಟ್ಕೊಂಡು ಅದನ್ನ ಅವರು ಹುಡುಕಬಹುದು. ಪತ್ರದಲ್ಲಿ ಗೋಳು ಬರೀಬೇಡಿ. ದೂರಿನ ಸಂಖ್ಯೆ, ಖಾತೆ, ಮೊತ್ತ, ಯುಟಿಆರ್ ಮೊದಲ ಸಾಲಲ್ಲಿ. ಏನು ಮಾರಿದ್ರಿ, ಯಾವಾಗ, ಐಎಂಇಐ ಎರಡನೇ ಸಾಲಲ್ಲಿ. ಆ ಫೋನ್ ನಿಮಗೆ ಬಂದಿದ್ದು ಯಾರಿಂದ ಅನ್ನೋದಕ್ಕೂ ಚೀಟಿ ಇದ್ರೆ ಹಾಕಿ. ಬಿಲ್, ಅಂಗಡಿ ಲೈಸೆನ್ಸ್, ಆಧಾರ್, ಸ್ಟೇಟ್‌ಮೆಂಟ್ ಲಗತ್ತು. ಇಂಗ್ಲಿಷಲ್ಲೋ ಹಿಂದಿಯಲ್ಲೋ ಬರೆಸಿ. ಬ್ಯಾಂಕಿನ ಶಾಖೆಗೂ ಒಂದು ಪ್ರತಿ ಹೋಗಲಿ.

ರಾಣೆಬೆನ್ನೂರ ಮೊಬೈಲ್ (8ನೇ ತಾರೀಖು)

ಕಂತು ಹೋತು, ವಾಪಸ್ ಬರ್ಲಿಲ್ಲ, ಥ್ಯಾಂಕ್ಸ್ರೀ ಸರ. ಇಮೇಲ್ ಕಳಿಸಿ ವಾರ ಆತು, ಉತ್ತರ ಇಲ್ಲ. ಆದ್ರ ನಿನ್ನೆ ಒಂದು ಫೋನ್ ಬಂತು. ಹಿಂದಿ. ‘ಸೈಬರ್ ಠಾಣೆಯಿಂದ, ನಿಮ್ಮ ಖಾತೆ ಬಿಡುಗಡೆ ಫೈಲ್ ತಯಾರೈತಿ, 3,000 ಪ್ರೊಸೆಸಿಂಗ್ ಫೀಸ್ ಹಾಕ್ರಿ’ ಅಂದ. ನನ್ನ ಖಾತೆ ನಂಬರಿನ ಕೊನೇ ನಾಕು ಅಂಕಿನೂ ಹೇಳಿದ. ನಾನು ಕ್ಯೂಆರ್ ತೆಗೆದೂ ಬಿಟ್ಟಿದ್ದೆ, ನಮ್ಮ ಮನಿಯಾಕಿ ಫೋನ್ ಕಸಗೊಂಡ್ಲು.

ಕೌಂಟರ್ ನಂ. 4

ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಲೀನ್ ತೆಗೆಯಲು ಫೀಸು ಎಂಬುದೇ ಇಲ್ಲ, ಪೊಲೀಸರಿಗೂ ಇಲ್ಲ, ಬ್ಯಾಂಕಿಗೂ ಇಲ್ಲ. ದುಡ್ಡು ಕೊಟ್ಟು ತೆಗೆಸಿದೆ ಎನ್ನುವವರು ಸಿಕ್ಕರೆ ಅದು ಲಂಚ, ಇಲ್ಲವೇ ಮೋಸ.

ಷೇರುಪೇಟೆ ಹುಡುಗ

ನನ್ನ ಫ್ರೆಂಡ್‌ಗೂ ಹೀಗೇ ಲೀನ್ ಬಿತ್ತು. ಅವನು ದೂರು ಕೊಟ್ಟವರ ನಂಬರ್ ಹೆಂಗೋ ಹುಡುಕಿ, ಅವರಿಗೇ ನೇರವಾಗಿ ದುಡ್ಡು ವಾಪಸ್ ಹಾಕಿ ರಾಜಿ ಮಾಡ್ಕೊಂಡ. ಒಂದು ವಾರದಲ್ಲಿ ಕ್ಲಿಯರ್.

ಕರಿಕೋಟು

ನಿಮ್ಮ ಫ್ರೆಂಡ್‌ಗೆ ಅದೃಷ್ಟ ಇತ್ತು. ಬರಹದಲ್ಲಿ ಏನೂ ಇಲ್ಲದೆ ದುಡ್ಡು ಹಾಕಿದ್ರೆ, ಇವರೇ ಕಳ್ಳ, ಹೆದರಿ ವಾಪಸ್ ಕೊಟ್ಟ ಅಂತಲೂ ಓದಬಹುದು. ಲೀನ್ ಹಾಗೇ ಉಳಿದ್ರೆ ಎರಡು ಸಲ ಕಳ್ಕೊಂಡ ಹಾಗೆ. ರಾಜಿ ಆದ್ರೂ ತನಿಖಾಧಿಕಾರಿಗೆ ಗೊತ್ತಿದ್ದು, ದೂರುದಾರರ ಸಹಿ ಇದ್ದು ಆಗಬೇಕು.

ನೇರಮಾತು

ಅಲ್ಲ ಸ್ವಾಮಿ, ಫೋನೂ ಹೋಯ್ತು, ದುಡ್ಡೂ ಹೋಯ್ತು. ಈ ಮನುಷ್ಯ ಮಾಡಿದ ತಪ್ಪಾದ್ರೂ ಏನು?

ಕರಿಕೋಟು

ತಪ್ಪಿಲ್ಲ. ಆದ್ರೆ ಆ ಕಡೆ ದುಡ್ಡು ಕಳಕೊಂಡವರದ್ದೂ ತಪ್ಪಿಲ್ಲ. ಅವರ ದುಡ್ಡಿನಲ್ಲಿ ಸಿಕ್ಕಿದ್ದು ಈ 14,500 ಮಾತ್ರ ಇರಬಹುದು. ಇಬ್ಬರು ನಿರಪರಾಧಿಗಳಲ್ಲಿ ನಷ್ಟ ಯಾರಿಗೆ ಅಂತ ಕೊನೆಗೆ ಕೋರ್ಟೇ ಹೇಳಬೇಕು. ಬೆಲೆ ಪಡೆದು ನಿಜವಾಗಿ ಮಾರಿದ ವ್ಯಾಪಾರಿಯ ವಾದಕ್ಕೆ ತೂಕ ಇದೆ. ಗೆದ್ದೇ ಗೆಲ್ತೀರಿ ಅಂತ ನಾನಂತೂ ಬರೆದುಕೊಡಲ್ಲ.

ತಿಪಟೂರಿನ ಮಗಳು (19ನೇ ತಾರೀಖು)

ಅಮ್ಮನ ಲೀನ್ ತೆಗೆದ್ರು! ಬರೆದುಕೊಟ್ಟು ಎಂಟು ದಿನಕ್ಕೆ. ಮ್ಯಾನೇಜರ್ ‘ಮುಂದಿನ ತಿಂಗಳು ಮತ್ತೆ ಸಿಸ್ಟಂ ತಾನೇ ಹಾಕಬಹುದು, ಹಾಕಿದ್ರೆ ಬನ್ನಿ’ ಅಂದ್ರು. ಸಾಲಕ್ಕೆ ಒಂದೇ ಸಲ ಕಟ್ಟಿ ಮುಗಿಸೋ ಲೆಕ್ಕ ಕೇಳಿದೀವಿ, ಕೊಬ್ಬರಿ ಮಾರಿದ ಮೇಲೆ ನೋಡ್ಬೇಕು.

ರಾಣೆಬೆನ್ನೂರ ಮೊಬೈಲ್ (ಮುಂದಿನ ತಿಂಗಳು, 11ನೇ ತಾರೀಖು)

ಬಾಳ ಮಂದಿ ಕೇಳ್ಯಾರ, ಅದಕ್ಕ ಬರೀತೀನಿ. ಎರಡನೇ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನೂ ಹಾಕಿದ ಮ್ಯಾಲೆ ಠಾಣೆಯಿಂದ ಖರೇವಂದ್ರ ಫೋನ್ ಬಂತು. ಈ ಸಲ ನಾ ಮೊದಲು ಠಾಣೆಯ ಲ್ಯಾಂಡ್‌ಲೈನ್‌ಗೆ ತಿರುಗಿ ಹಚ್ಚಿ ಖಾತ್ರಿ ಮಾಡಿಕೊಂಡೆ. ಅಧಿಕಾರಿ ಬಿಲ್ಲು, ಸಿಸಿಟಿವಿ ತರಿಸಿಕೊಂಡ್ರು. ಫೋನ್ ಇನ್ನೂ ಒಬ್ಬರ ಕೈಯಾಗ ಮಾರಾಟ ಆಗಿ ಎಲ್ಲೋ ಚಾಲೂ ಐತಂತ. ‘ನಿಮ್ಮ ಮ್ಯಾಲೆ ಸಂಶಯ ಇಲ್ಲ, ಆದ್ರ ರೊಕ್ಕ ಬಿಡಾಕ ಸಾಹೇಬ್ರ ಸಹಿ ಬೇಕು’ ಅಂದ್ರು. ಆಮೇಲೆ ಒಂದು ಪತ್ರ ಬ್ಯಾಂಕಿಗೆ ಬಂತು, ಬ್ಯಾಂಕಿನವ್ರು ‘ಠಾಣೆಯ ಅಧಿಕೃತ ಇಮೇಲಿಂದ ಬಂದಿಲ್ಲ, ನಡೆಯಂಗಿಲ್ಲ’ ಅಂತ ವಾಪಸ್ ಮಾಡ್ಯಾರ. ಈಗ ಮತ್ತ ಅವ್ರ ಬೆನ್ನು ಹತ್ತೀನಿ.

ಕೌಂಟರ್ ನಂ. 4

ಅದನ್ನು ವಾಪಸ್ ಮಾಡಿದ್ದು ಸರಿಯೇ, ಸಿಟ್ಟಾಗಬೇಡಿ. ಸುಳ್ಳು ಪತ್ರ ಸೃಷ್ಟಿಸಿ ಲೀನ್ ತೆಗೆಸಿದ ಪ್ರಕರಣಗಳೂ ಇವೆ. ವಾಪಸ್ ಮಾಡಿದ ಕಾರಣವನ್ನು ಬ್ಯಾಂಕಿನಿಂದ ಬರಹದಲ್ಲಿ ಪಡೆದು ಆ ಅಧಿಕಾರಿಗೆ ಕಳಿಸಿ. ಯಾವ ಇಮೇಲಿನಿಂದ, ಯಾವ ದೂರಿನ ಸಂಖ್ಯೆ ಹಾಕಿ, ಯಾರಿಗೆ ಬರೆಯಬೇಕೆಂದು ಅವರಿಗೂ ಸ್ಪಷ್ಟವಾಗಲಿ. ‘14,500 ಬಿಡುಗಡೆ’ ಎಂದು ಮೊತ್ತವೂ ಅದರಲ್ಲಿರಲಿ.

ರಾಣೆಬೆನ್ನೂರ ಮೊಬೈಲ್

ಆತ್ರೀ ಸರ. ಇವತ್ತು ಮುಂಜಾನೆ ನೋಡಿದೆ, ಆಪ್‌ನ್ಯಾಗ ಅದೇ ಮೂರು ಸಾಲು, ನಡುವಿನ 14,500 ಹಂಗ ಕುಂತೈತಿ. ಮೂರು ತಿಂಗಳ ಬಡ್ಡಿ ಮಾತ್ರ ಬಂತ್ರಿ, ನೀವು ಹೇಳಿದಂಗ ಪೂರ್ತಿ ರೊಕ್ಕಕ್ಕ. ಬ್ಯಾಂಕಿನಿಂದ ಕಾಗದ ಸಿಕ್ಕ ಕೂಡ್ಲೇ ಮತ್ತ ಬರೀತೀನಿ.